ಕುಂಕುಮ ಕಪ್ಪಾಗಿ ಕಂಡರೆ ಸೀರೆಯ ಬಣ್ಣ ಯಾವುದು?

1930ರ ದಶಕದಲ್ಲಿ ಸ್ಟುಡಿಯೋಗೆ ಹೋಗಿ ತೆಗೆಸಿಕೊಂಡ ಕುಟುಂಬದ ಫೋಟೋ ಮನೆಯಲ್ಲಿದ್ದರೆ ಅದನ್ನೊಮ್ಮೆ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಹೆಂಗಸರ ಹಣೆಯ ಕುಂಕುಮ ಬಹಳ ಸಲ ತಲೆಗೂದಲಷ್ಟೇ ಕಪ್ಪಾಗಿರುತ್ತದೆ. ತುಟಿಗಳೂ ಹಾಗೆಯೇ. ಇಂಥ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಲು ಕೂತವರು ಕುಂಕುಮವನ್ನು ಮಾತ್ರ ಯೋಚಿಸದೆ ಕೆಂಪು ಮಾಡುತ್ತಾರೆ, ಏಕೆಂದರೆ ಅದು ಕೆಂಪೆಂಬುದು ಎಲ್ಲರಿಗೂ ಗೊತ್ತು. ಅದೇ ಹೆಂಗಸು ಉಟ್ಟ ಸೀರೆಯೂ ಅಷ್ಟೇ ಕಪ್ಪಾಗಿ ಕಂಡರೆ ಅದಕ್ಕೆ ಕಡುನೀಲಿ ಹಚ್ಚಿ ಮುಂದೆ ಹೋಗುತ್ತಾರೆ. ಕುಂಕುಮವನ್ನು ಕಪ್ಪು ಮಾಡಿದ ಪ್ಲೇಟು ಸೀರೆಯನ್ನೂ ಕಪ್ಪು ಮಾಡಿರಬಹುದು ಎಂಬುದು ಹೊಳೆಯುವುದೇ ಇಲ್ಲ.

ಕಪ್ಪುಬಿಳುಪಿಗೆ ಬಣ್ಣ ಕೂಡಿಸುವುದು ಕನ್ನಡಿಗರಿಗೆ ಹೊಸದಲ್ಲ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣದಲ್ಲಿ ತೆರೆಗೆ ಬಂತು, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಂತು. ರಾಜನ ಪೀತಾಂಬರ ಯಾವ ಬಣ್ಣದ್ದಾದರೂ ಪ್ರೇಕ್ಷಕರು ಒಪ್ಪುತ್ತಾರೆ. ಕುಟುಂಬದ ಫೋಟೋ ಹಾಗಲ್ಲ. “ಅವ್ವನ ಮೈಬಣ್ಣ ಹೀಗಿರಲಿಲ್ಲ” ಎಂದು ಹೇಳಬಲ್ಲವರು ಒಬ್ಬರಾದರೂ ಮನೆಯಲ್ಲಿ ಉಳಿದಿರುತ್ತಾರೆ.

ಮೊದಲು ತಿಳಿಯಬೇಕಾದದ್ದು ಹಳೆಯ ಪ್ಲೇಟಿನ ಸ್ವಭಾವ. ಛಾಯಾಗ್ರಹಣದ ಆರಂಭದ ದಶಕಗಳಲ್ಲಿ ಪ್ಲೇಟಿನ ಮೇಲಿನ ಲೇಪ ನೀಲಿ, ನೇರಳೆ ಬೆಳಕಿಗೆ ಮಾತ್ರ ಸ್ಪಂದಿಸುತ್ತಿತ್ತು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗಲ್ ಆ ಲೇಪಕ್ಕೆ ಕೆಲವು ಬಣ್ಣಗಳನ್ನು ಬೆರೆಸಿದರೆ ಅದು ಹಸಿರನ್ನೂ ಗ್ರಹಿಸುತ್ತದೆ ಎಂದು ಕಂಡುಕೊಂಡರು. ಇದರಿಂದ ಬೆಳೆದ ಪ್ಲೇಟುಗಳಿಗೆ ಆರ್ಥೋಕ್ರೊಮ್ಯಾಟಿಕ್ ಎಂಬ ಹೆಸರು ಬಂತು. ಅವಕ್ಕೆ ನೀಲಿ, ಹಸಿರು ಕಾಣುತ್ತದೆ, ಕೆಂಪು ಕಾಣುವುದಿಲ್ಲ. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಪ್ಲೇಟನ್ನು ಇಂಗ್ಲೆಂಡಿನ ರ‍್ಯಾಟನ್ ಅಂಡ್ ವೇನ್‌ರೈಟ್ ಕಂಪನಿ 1906ರಲ್ಲೇ ಮಾರುಕಟ್ಟೆಗೆ ತಂದಿತು. ಆದರೂ ಸ್ಟುಡಿಯೋದವರು ಹಳೆಯದನ್ನು ಬೇಗ ಬಿಡಲಿಲ್ಲ. ಕೆಂಪನ್ನು ಕಾಣದ ಪ್ಲೇಟನ್ನು ಕೆಂಪು ದೀಪದ ಬೆಳಕಿನಲ್ಲಿ ಕಣ್ಣಾರೆ ನೋಡುತ್ತಲೇ ತೊಳೆಯಬಹುದಿತ್ತು. ಹೊಸದನ್ನು ಕತ್ತಲೆಯಲ್ಲೇ ತೊಳೆಯಬೇಕಿತ್ತು. ಮನೆಮಂದಿಯ ಪೆಟ್ಟಿಗೆ ಕ್ಯಾಮೆರಾಗಳಿಗೆ ಬಳಕೆಯಾಗುತ್ತಿದ್ದ ಕೊಡಾಕ್ ವೆರಿಕ್ರೋಮ್ ರೋಲು ಕೂಡ 1956ರವರೆಗೆ ಆರ್ಥೋ ಜಾತಿಯದೇ.

ಇದರ ಪರಿಣಾಮ ಲೆಕ್ಕದಲ್ಲಿ ಸ್ಪಷ್ಟವಾಗುತ್ತದೆ. ಕಂಪ್ಯೂಟರು ಪ್ರತಿ ಬಣ್ಣವನ್ನೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಲ್ಲಿ, ಸೊನ್ನೆಯಿಂದ 255ರವರೆಗೆ ಬರೆದಿಡುತ್ತದೆ. ನಮ್ಮ ಕಣ್ಣಿಗೆ ಆ ಬಣ್ಣ ಎಷ್ಟು ಬೆಳಕಾಗಿ ಕಾಣುತ್ತದೆ ಎಂಬುದಕ್ಕೆ ಬಳಕೆಯಲ್ಲಿರುವ ಸೂತ್ರ ಇದು:

```
Y = 0.299R + 0.587G + 0.114B
```

ಕುಂಕುಮದ ಕೆಂಪನ್ನು ಸುಮಾರಾಗಿ 170, 20, 40 ಎಂದು ಇಟ್ಟುಕೊಂಡರೆ ಕಣ್ಣಿಗೆ ಅದು 67ರಷ್ಟು ಬೆಳಕು. ಆದರೆ ಆರ್ಥೋ ಪ್ಲೇಟಿಗೆ 170 ಎಂಬ ಮೊದಲ ಅಂಕಿ ಇಲ್ಲವೇ ಇಲ್ಲ. ಉಳಿದ 20 ಮತ್ತು 40 ಸೇರಿ ಸುಮಾರು 30ರ ಮಟ್ಟದ ಕಪ್ಪು ಮೂಡುತ್ತದೆ. ಇನ್ನು ನೀಲಿ ಸೀರೆ. ಅದರ ಅಂಕಿ 40, 60, 140 ಎಂದುಕೊಳ್ಳೋಣ. ಕಣ್ಣಿಗೆ ಇದೂ 63, ಅಂದರೆ ಕುಂಕುಮದಷ್ಟೇ ಗಾಢ. ಪ್ಲೇಟಿಗೆ ಮಾತ್ರ ಅದರ 140 ಪೂರ್ತಿಯಾಗಿ ಕಾಣುವುದರಿಂದ ಫೋಟೋದಲ್ಲಿ ನಡುಮಟ್ಟದ ಬೂದು ಆಗುತ್ತದೆ. ಅಕ್ಕಪಕ್ಕ ನಿಂತ ಇಬ್ಬರು ಹೆಂಗಸರ ಸೀರೆಗಳು ನಿಜದಲ್ಲಿ ಒಂದೇ ಗಾಢತೆಯವಾಗಿದ್ದರೂ ಚಿತ್ರದಲ್ಲಿ ಒಂದು ಕಪ್ಪು, ಇನ್ನೊಂದು ಬೂದು. ಇದು ಒರಟು ಲೆಕ್ಕ, ನಿಜ. ಪ್ಲೇಟಿನಿಂದ ಪ್ಲೇಟಿಗೆ ಅಳತೆ ಬದಲಾಗುತ್ತದೆ. ಆದರೂ ಬಣ್ಣ ಹಚ್ಚುವವರಿಗೆ ಇದರಿಂದ ಒಂದು ಗಟ್ಟಿ ಸುಳಿವು ಸಿಗುತ್ತದೆ: ಕುಂಕುಮ ಕಪ್ಪಾಗಿರುವ ಚಿತ್ರದಲ್ಲಿ ಅಚ್ಚಗಪ್ಪಾಗಿ ಕಾಣುವ ಸೀರೆ ನೀಲಿಯಾಗಿರುವ ಸಾಧ್ಯತೆ ಕಡಿಮೆ. ಅದು ಕೆಂಪು, ದಾಳಿಂಬೆ, ಕಂದು ಅಥವಾ ನಿಜವಾಗಿಯೂ ಕಪ್ಪು. ಇದ್ದಿಲಿನ ಹಾಗಿರುವ ಅತಿ ಕಡುನೀಲಿಗೆ ಮಾತ್ರ ಈ ಮಾತು ಅನ್ವಯಿಸದು.

ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಬಣ್ಣದ ತಟ್ಟೆಯಿಂದಲ್ಲ, ಚಿತ್ರದೊಳಗೆ ಬಣ್ಣ ಖಚಿತವಾಗಿ ಗೊತ್ತಿರುವ ವಸ್ತುಗಳಿಂದ. ಕುಂಕುಮ ಅಂಥದ್ದು. ತಾಳಿಯ ಕರಿಮಣಿ ಅಂಥದ್ದು. ಶ್ರೀವೈಷ್ಣವರ ಮನೆಯಾದರೆ ಹಣೆಯ ನಾಮ ಇನ್ನೂ ಒಳ್ಳೆಯ ಅಳತೆಗೋಲು, ಅದರಲ್ಲಿ ಬಿಳಿಯೂ ಕೆಂಪೂ ಪಕ್ಕಪಕ್ಕದಲ್ಲೇ ಇರುತ್ತವೆ. ಕುಂಕುಮ ಮತ್ತು ಕರಿಮಣಿ ಒಂದೇ ಕಪ್ಪಾಗಿದ್ದರೆ ಪ್ಲೇಟು ಆರ್ಥೋ ಎಂದು ತಿಳಿದು ಮುಂದುವರಿಯಬಹುದು. ಕುಂಕುಮ ಒಂದು ಮಟ್ಟ ತಿಳಿಯಾಗಿದ್ದರೆ ಎಲ್ಲ ಬಣ್ಣ ಕಾಣುವ ಫಿಲ್ಮು, ಅಲ್ಲಿ ಬೂದುಬಣ್ಣವನ್ನು ಹೆಚ್ಚು ನಂಬಬಹುದು.

ಒಂದು ಉದಾಹರಣೆಯನ್ನು ಕೊನೆಯವರೆಗೂ ಬಿಡಿಸಿ ನೋಡೋಣ. ಧಾರವಾಡ ಸೀಮೆಯ ಒಂದು ಮನೆತನ, 1930ರ ದಶಕದ ನಡುಭಾಗ. ಕುರ್ಚಿಗಳ ಮೇಲೆ ಅಜ್ಜ, ಅಜ್ಜಿ. ಹಿಂದೆ ಟೊಪ್ಪಿಗೆ ಹಾಕಿಕೊಂಡು ನಿಂತ ಮಗ. ಮುಂದೆ ಜಮಖಾನೆಯ ಮೇಲೆ ಪರಕಾರ ಪೋಲಕ ತೊಟ್ಟ ಮೊಮ್ಮಗಳು. ಒಂದು ಬದಿಗೆ, ಸೆರಗನ್ನು ತಲೆ ತುಂಬ ಹೊದ್ದು ಕೂತ ಅಜ್ಜನ ಅಕ್ಕ. ಆ ಭಾಗದ ಎಷ್ಟೋ ಮನೆಗಳ ಗೋಡೆಯ ಮೇಲೆ ಇಂಥದೇ ಒಂದು ಚಿತ್ರ ಇರುತ್ತದೆ.

ಅಜ್ಜಿಯ ಸೀರೆಯಿಂದಲೇ ತೊಡಗುವುದು ಒಳ್ಳೆಯದು, ಏಕೆಂದರೆ ಅದು ತಾನಾಗಿಯೇ ಮಾತಾಡುತ್ತದೆ. ಸೆರಗಿನ ಕಪ್ಪು ನೆಲದ ಮೇಲೆ ಗೋಪುರದಂಥ ಬಿಳಿ ತೆನೆಗಳ ಸಾಲು ಇದ್ದರೆ ಅದು ಇಳಕಲ್ ಸೀರೆ. ತೋಪು ತೆನೆಯ ಆ ಸೆರಗಿನ ಸಂಪ್ರದಾಯದ ಬಣ್ಣ ಕೆಂಪು ರೇಷ್ಮೆಯ ಮೇಲೆ ಬಿಳಿ. ಇಳಕಲ್ ಮಗ್ಗದಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಮಾಡಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅದಕ್ಕೇ ಸೆರಗು ಕೆಂಪಿದ್ದರೂ ಒಡಲು ಬೇರೆ ಬಣ್ಣದ್ದಾಗಿರಬಹುದು. ಈಗ ಎರಡನ್ನೂ ಹೋಲಿಸಬೇಕು. ಒಡಲು ಸೆರಗಿನಷ್ಟೇ ಕಪ್ಪಾಗಿದ್ದರೆ ಅದು ದಾಳಿಂಬೆ ಕೆಂಪೋ, ಗಿರಿ ಕುಂಕುಮವೋ, ಚಂದ್ರಕಾಳಿಯ ಕಪ್ಪೋ ಆಗಿರಬೇಕು. ಒಡಲು ಸೆರಗಿಗಿಂತ ಸ್ಪಷ್ಟವಾಗಿ ತಿಳಿಯಾಗಿದ್ದರೆ ಹಸಿರು ಅಥವಾ ನೀಲಿ. ಇಷ್ಟು ಮಾತ್ರ ಚಿತ್ರ ಹೇಳುತ್ತದೆ. ಹಸಿರೋ ನೀಲಿಯೋ ಎಂಬುದನ್ನು ಟ್ರಂಕಿನಲ್ಲಿ ಉಳಿದ ಸೀರೆಯೋ ಹಿರಿಯರ ನೆನಪೋ ಹೇಳಬೇಕು.

ಟ್ರಂಕಿನಲ್ಲಿ ಸೀರೆ ಸಿಕ್ಕರೂ ಮೇಲ್ಮೈಯನ್ನು ನೋಡಿ ಬಣ್ಣ ಆರಿಸಬಾರದು. ಎಂಬತ್ತು ತೊಂಬತ್ತು ವರ್ಷಗಳಲ್ಲಿ ಬೆಳಕು, ಬೆವರು, ಒಗೆತ ಅದನ್ನು ಮಾಸಿಸಿರುತ್ತವೆ. ಅಂಚನ್ನು ಮಡಚಿ ಹೊಲಿದ ಕಡೆ ಹೊಲಿಗೆಯನ್ನು ಸ್ವಲ್ಪ ಸರಿಸಿ ಒಳಮಡಿಕೆ ನೋಡಬೇಕು. ಕುಪ್ಪಸವಾದರೆ ಕಂಕುಳ ಬಳಿಯ ಒಳಹೊಲಿಗೆಗೆ ಬಿಟ್ಟ ಬಟ್ಟೆ. ಬೆಳಕು ತಾಕದ ಆ ಬೆರಳಗಲದ ಜಾಗದಲ್ಲಿ ಅಂದು ಸ್ಟುಡಿಯೋಗೆ ಉಟ್ಟುಹೋದ ಬಣ್ಣ ಇನ್ನೂ ಉಳಿದಿರುತ್ತದೆ. ಅದು ಬಹಳ ಸಲ ಅಚ್ಚರಿಯಾಗುವಷ್ಟು ಗಾಢವಾಗಿರುತ್ತದೆ.

ಹಳೆಯ ಕಾಲವೆಂದರೆ ಮಾಸಿದ ಕಾವಿ, ಕಂದು ಎಂದು ಭಾವಿಸಿ ಇಡೀ ಚಿತ್ರವನ್ನು ಮಂಕು ಮಾಡುವುದು ಇಂದಿನ ದೊಡ್ಡ ತಪ್ಪು. ಕೆಂಪಿನ ಮೂಲವಾದ ಅಲಿಜರಿನ್ ಅನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದು 1869ರ ಹೊತ್ತಿಗೆ. ಕೃತಕ ನೀಲಿ 1897ರಲ್ಲಿ ಮಾರುಕಟ್ಟೆಗೆ ಬಂತು. 1930ರ ಹೊತ್ತಿಗೆ ನೇಕಾರರ ಕೈಯಲ್ಲಿ ಕಾರ್ಖಾನೆಯ ಬಣ್ಣಗಳಿದ್ದವು, ಸೀರೆಗಳು ಝಗ್ಗೆಂದು ಹೊಳೆಯುತ್ತಿದ್ದವು. ಆಗ ಇಲ್ಲದಿದ್ದದ್ದು ಕಣ್ಣು ಕುಕ್ಕುವ ಫ್ಲೂರೊಸೆಂಟ್ ಗುಲಾಬಿ, ನಿಂಬೆ ಹಸಿರು. ಈಗಿನ ಸೋಪಿನ ಪುಡಿ ಕೊಡುವ ಥಳಥಳ ಬಿಳುಪೂ ಇರಲಿಲ್ಲ, ಬಟ್ಟೆಯನ್ನು ಬೆಳ್ಳಗೆ ತೋರಿಸುವ ಆ ರಾಸಾಯನಿಕಗಳು ಬಳಕೆಗೆ ಬಂದದ್ದು 1940ರ ದಶಕದಿಂದ ಈಚೆಗೆ. ಅಜ್ಜನ ಧೋತರಕ್ಕೆ 235, 229, 214ರಂಥ ಕೆನೆಬಿಳುಪು ಸರಿಹೊಂದುತ್ತದೆ. ಖಾದಿಯಾದರೆ ಇನ್ನೂ ಒಂದಿಷ್ಟು ಹಳದಿಗೆ ತಿರುಗಬಹುದು. ಮಗನ ತಲೆಯ ಮೇಲಿನ ಕಪ್ಪು ಟೊಪ್ಪಿಗೆಯ ವಿಷಯದಲ್ಲಿ ಎಚ್ಚರ ಬೇಕು. ಕಡುಗೆಂಪು ಮಖಮಲ್ಲಿನ ಟೊಪ್ಪಿಗೆಯೂ ಈ ಪ್ಲೇಟಿನಲ್ಲಿ ಕಪ್ಪಾಗಿಯೇ ಕಾಣುತ್ತದೆ. ಕಂದು ಕೋಟೂ ಅಷ್ಟೇ.

ಬದಿಗೆ ಕೂತ ಅಜ್ಜನ ಅಕ್ಕನ ಉಡುಪು ಇನ್ನೊಂದು ಪರೀಕ್ಷೆ. ಆಕೆ ವಿಧವೆ ಎಂದು ಮನೆಯವರು ಹೇಳಿದ ಕೂಡಲೇ ಹೊರಗಿನ ಕಲಾವಿದರು ಬಿಳಿ ಸೀರೆಯನ್ನು ನೆನೆಯುತ್ತಾರೆ, ಚಿತ್ರದಲ್ಲಿ ಸೀರೆ ಕಪ್ಪಾಗಿರುವುದನ್ನು ಕಂಡು ತಬ್ಬಿಬ್ಬಾಗುತ್ತಾರೆ. ಕರ್ನಾಟಕದ ಬ್ರಾಹ್ಮಣ ಮನೆಗಳಲ್ಲಿ ಕೇಶಮುಂಡನವಾದ ಮಡಿ ಹೆಂಗಸರು ಉಡುತ್ತಿದ್ದದ್ದು ಕೆಂಪು ಸೀರೆ. ಪ್ಲೇಟು ಅದನ್ನು ಕಪ್ಪು ಮಾಡಿದೆ, ಅಷ್ಟೇ. ಇದನ್ನು ಯಾವ ಬಣ್ಣದ ಪಟ್ಟಿಯೂ ಹೇಳಿಕೊಡುವುದಿಲ್ಲ, ಆ ಊರಿನ ರೂಢಿಯನ್ನು ಬಲ್ಲವರೇ ಹೇಳಬೇಕು.

ಇನ್ನು ಕಂಪ್ಯೂಟರಿನ ಮುಂದೆ. ಫೋಟೋವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಮೂಲ ಕಡತವನ್ನು ಬೇರೆಯಾಗಿ ತೆಗೆದಿಡಬೇಕು. ಪ್ರಿಂಟು ಹಳದಿಗಟ್ಟಿದ್ದರೆ ಆ ಹಳದಿಯನ್ನು ತೆಗೆದು ಶುದ್ಧ ಬೂದುಬಣ್ಣಕ್ಕೆ ತರಬೇಕು, ಇಲ್ಲದಿದ್ದರೆ ಹಚ್ಚುವ ಪ್ರತಿ ಬಣ್ಣಕ್ಕೂ ಅದು ಬೆರೆಯುತ್ತದೆ. ಗೀರು, ಕಲೆಗಳನ್ನು ಬಣ್ಣಕ್ಕೆ ಮೊದಲೇ ಸರಿಪಡಿಸಬೇಕು. ಆಮೇಲೆ ಪ್ರತಿ ಬಟ್ಟೆಗೂ ಒಂದೊಂದು ಲೇಯರ್, ಅದರ ಬ್ಲೆಂಡ್ ಮೋಡ್ `Color`. ಗಿಂಪ್ ಬಳಸುವವರಿಗೆ ಇದು `HSL Color` ಎಂಬ ಹೆಸರಿನಲ್ಲಿ ಸಿಗುತ್ತದೆ. ಈ ಮೋಡ್ ಬಣ್ಣವನ್ನು ಮಾತ್ರ ಮೇಲಿನಿಂದ ತೆಗೆದುಕೊಂಡು ಬೆಳಕು ನೆರಳನ್ನು ಕೆಳಗಿನ ಫೋಟೋದಿಂದಲೇ ಉಳಿಸಿಕೊಳ್ಳುತ್ತದೆ.

ತೊಡಕು ಇಲ್ಲಿಯೇ ಇದೆ. ಅಜ್ಜಿಯ ಸೀರೆ 30ರ ಮಟ್ಟದ ಕಪ್ಪಾಗಿದ್ದರೆ ಅದರ ಮೇಲೆ ಎಂಥ ಕೆಂಪು ಸುರಿದರೂ ಕೆಂಪು ಛಾಯೆಯ ಕಪ್ಪೇ ಬರುತ್ತದೆ. ಅದನ್ನು ಕಂಡು ಬಣ್ಣ ಸಾಲದೆಂದು ಇನ್ನಷ್ಟು ಗಾಢ ಮಾಡುತ್ತ ಹೋದರೆ ಮಡಿಕೆಗಳ ಉಬ್ಬು ಮಾತ್ರ ಬೆಂಕಿಯಂತೆ ಹೊತ್ತಿಕೊಂಡು ಉಳಿದದ್ದು ಹಾಗೆಯೇ ಇರುತ್ತದೆ. ಮಾಡಬೇಕಾದದ್ದು ಬೇರೆ. ಬಣ್ಣದ ಲೇಯರಿನ ಕೆಳಗೆ ಸೀರೆಯಷ್ಟಕ್ಕೇ ಮಾಸ್ಕ್ ಹಾಕಿ ಒಂದು `Curves` ಲೇಯರ್ ಇಟ್ಟು, ಸೀರೆಯ ನಡುಮಟ್ಟದ ಬೂದನ್ನು 30ರಿಂದ 60ರ ಆಸುಪಾಸಿಗೆ ಎತ್ತಬೇಕು. ಮೊದಲು ಹಾಕಿದ ಲೆಕ್ಕದಲ್ಲಿ ಕಣ್ಣು ಕಾಣುವ 67 ಎಂಬ ಅಂಕಿ ಇದಕ್ಕೇ ದಾರಿ ತೋರಿಸುವುದು. ಪ್ಲೇಟು ಕದ್ದಿದ್ದ ಬೆಳಕನ್ನು ಮರಳಿ ಕೊಟ್ಟ ಮೇಲೆ ಅದೇ ಕೆಂಪು ಸಹಜವಾಗಿ ಕೂರುತ್ತದೆ. ಎತ್ತುವುದಕ್ಕೂ ಮಿತಿಯಿದೆ. ಬಟ್ಟೆಯ ನೆರಿಗೆಗಳ ನಡುವೆ ಮರಳಿನಂಥ ಚುಕ್ಕೆಗಳು ಏಳತೊಡಗಿದರೆ ಅಲ್ಲಿ ಪ್ಲೇಟಿನಲ್ಲಿ ಏನೂ ದಾಖಲಾಗಿಲ್ಲ ಎಂದರ್ಥ. ಅಲ್ಲಿಗೇ ನಿಲ್ಲಿಸಿ ಆ ಜಾಗವನ್ನು ಕತ್ತಲಾಗಿಯೇ ಬಿಡಬೇಕು.

ಜರಿಯನ್ನು ಹಳದಿಯಿಂದ ತುಂಬಿದರೆ ಅದು ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಹೊಳೆಯುವ ಎಳೆಗೆ ಬಿಳಿಗೆ ಹತ್ತಿರದ ತಿಳಿಹಳದಿ, ನೆರಳಿನ ಎಳೆಗೆ ಕಂದು, ನಡುವೆ ಮಾತ್ರ ಹೊನ್ನಿನ ಬಣ್ಣ. ಹಾಸಿಗೆ ಒಂದು, ಹೊಕ್ಕಿಗೆ ಇನ್ನೊಂದು ಬಣ್ಣದ ನೂಲು ಹಾಕಿ ನೇಯ್ದ ಸೀರೆಯಲ್ಲಿ ಮಡಿಕೆಯ ಉಬ್ಬಿಗೂ ತಗ್ಗಿಗೂ ಬೇರೆ ಬಣ್ಣ ಕಾಣುತ್ತದೆ. ಅಂಥ ಬಟ್ಟೆಗೆ ಒಂದೇ ಬಣ್ಣದ ಲೇಯರ್ ಸಾಲದು.

ಮೈಬಣ್ಣ ಇದೆಲ್ಲಕ್ಕಿಂತ ಕಷ್ಟ. ನಮ್ಮವರ ಚರ್ಮದಲ್ಲಿ ಕೆಂಪು ಮತ್ತು ಹಳದಿ ಹೆಚ್ಚು. ಕೆಂಪನ್ನು ಕಾಣದ ಪ್ಲೇಟು ಗೋಧಿಬಣ್ಣದವರನ್ನೂ ಕಪ್ಪಾಗಿಸುತ್ತಿತ್ತು. ಹೆಂಗಸರು ಕೆನ್ನೆಗೆ ಅರಿಶಿನ ಹಚ್ಚಿಕೊಂಡು ಬಂದಿದ್ದರೆ ಮುಖ ಇನ್ನಷ್ಟು ಕಪ್ಪು, ಏಕೆಂದರೆ ಅರಿಶಿನ ನೀಲಿ ಬೆಳಕನ್ನು ನುಂಗುತ್ತದೆ. ಫೋಟೋ ತೆಗೆಸಿಕೊಂಡವರು ಇದನ್ನು ಒಪ್ಪುವರೇ? ಅದಕ್ಕೇ ಸ್ಟುಡಿಯೋದ ರಿಟಚ್ ಕೆಲಸದವರು ಗಾಜಿನ ನೆಗೆಟಿವ್ ಮೇಲೆ ಮುಖದ ಭಾಗಕ್ಕೆ ಚೂಪು ಪೆನ್ಸಿಲ್ಲಿನಿಂದ ಸಣ್ಣ ಗೆರೆಗಳನ್ನು ತುಂಬುತ್ತಿದ್ದರು. ನೆಗೆಟಿವ್‌ನಲ್ಲಿ ಕಪ್ಪಾದದ್ದು ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಹೀಗೆ ಮುಖ ಮೊದಲು ಕಪ್ಪಾಗಿ, ಆಮೇಲೆ ಬೆಳ್ಳಗಾಗಿ, ಎರಡು ಸಲ ನಿಜದಿಂದ ದೂರ ಸರಿದಿರುತ್ತದೆ. ಮಡಿಲಲ್ಲಿಟ್ಟ ಕೈಗಳನ್ನು ಸಾಮಾನ್ಯವಾಗಿ ಯಾರೂ ಮುಟ್ಟುತ್ತಿರಲಿಲ್ಲ. ಚಿತ್ರವನ್ನು ಹಿಗ್ಗಿಸಿ ಮುಖವನ್ನೂ ಮುಂಗೈಯನ್ನೂ ಹೋಲಿಸಿದರೆ ರಿಟಚ್ ಎಷ್ಟಾಗಿದೆಯೆಂದು ತಿಳಿಯುತ್ತದೆ: ಕೈಯ ಮೇಲೆ ನರ, ಗೆಣ್ಣು, ಸುಕ್ಕು ಎಲ್ಲ ಇದ್ದು ಅರವತ್ತರ ಅಜ್ಜಿಯ ಕೆನ್ನೆ ಮಾತ್ರ ಮೊಟ್ಟೆಯ ಚಿಪ್ಪಿನಂತೆ ನುಣುಪಾಗಿರುತ್ತದೆ. ಮೈಬಣ್ಣದ ಮಟ್ಟವನ್ನು ಕೈಗಳಿಂದ ಆರಂಭಿಸಿ, ಕುತ್ತಿಗೆಯ ಮೂಲಕ ಮುಖಕ್ಕೆ ತರುವುದು ಸರಿಯಾದ ದಾರಿ.

ಚರ್ಮಕ್ಕೆ ಒಂದೇ ಬಣ್ಣ ಹಚ್ಚಿದರೆ ಮುಖ ಮಣ್ಣಿನ ಗೊಂಬೆಯದಾಗುತ್ತದೆ. ಗೋಧಿಗಪ್ಪು ಮೈಬಣ್ಣಕ್ಕೆ ಬೆಳಕಿನಲ್ಲಿ 214, 170, 135, ನಡುಮಟ್ಟದಲ್ಲಿ 160, 108, 76, ನೆರಳಿನಲ್ಲಿ 84, 50, 36 ಎಂಬ ಮೂರು ಬಣ್ಣಗಳಿಂದ ತೊಡಗಬಹುದು. ಮೂರರಲ್ಲೂ ಕೆಂಪು ಹೆಚ್ಚು, ಹಸಿರು ನಡುವೆ, ನೀಲಿ ಕಡಿಮೆ. ನೆರಳಿಗೆ ಹೋದಂತೆ ಬಣ್ಣ ಹಳದಿಯಿಂದ ಕೆಂಪಿನ ಕಡೆಗೆ ಸ್ವಲ್ಪ ಸರಿಯುತ್ತದೆ. ಫೋಟೋಶಾಪಿನಲ್ಲಿ ಈ ಮೂರನ್ನೂ ಒಂದು `Gradient Map` ಲೇಯರಿನಲ್ಲಿ ಜೋಡಿಸಿ `Color` ಮೋಡ್‌ನಲ್ಲಿಟ್ಟರೆ ಬೂದುಬಣ್ಣದ ಮಟ್ಟಕ್ಕೆ ತಕ್ಕಂತೆ ತಾನಾಗಿ ಹಂಚಿಕೆಯಾಗುತ್ತದೆ. ಅದರ ಮೇಲೆ ಕಡಿಮೆ ಗಾಢತೆಯ ಕುಂಚದಿಂದ ಕೈಕೆಲಸ: ಮೂಗಿನ ತುದಿ, ಕೆನ್ನೆ, ಕಿವಿಗೆ ಒಂದಿಷ್ಟು ಕೆಂಪು, ಹಣೆಗೆ ಹಳದಿಯ ಛಾಯೆ, ಗಂಡಸರ ಗಲ್ಲದ ಮೇಲೆ ಬೂದಿನ ಛಾಯೆ. ಅಂಗೈ, ಉಗುರು ತಿಳಿ, ಬೆರಳ ಗೆಣ್ಣು ಗಾಢ. ತುಟಿಗೆ ಗುಲಾಬಿಯಲ್ಲ, ಕೆಂಪು ಬೆರೆತ ಕಂದು. ಅಜ್ಜ ಎಲೆಅಡಿಕೆ ಹಾಕುತ್ತಿದ್ದರೆಂದು ಗೊತ್ತಿದ್ದರೆ ತುಟಿಯ ಒಳಅಂಚಿಗೆ ಆ ಕೆಂಪನ್ನೂ ಕೊಡಬಹುದು. ಕಣ್ಣಿನ ಬಿಳಿಯನ್ನು ಬಿಳಿ ಮಾಡಿದರೆ ಮುಖ ಬೆಚ್ಚಿಬಿದ್ದಂತಿರುತ್ತದೆ, ಅಲ್ಲಿ ಹಳದಿ ಬೆರೆತ ಬೂದು ಸಾಕು.

ಎಲ್ಲ ಮುಗಿದ ಮೇಲೂ ಜನ ಕತ್ತರಿಸಿ ಅಂಟಿಸಿದಂತೆ ಕಂಡರೆ ಬಣ್ಣಗಳು ಒಂದಕ್ಕೊಂದು ತಾಗಿಲ್ಲ ಎಂದು ತಿಳಿಯಬೇಕು. ಕೆಂಪು ಸೀರೆಯ ಪ್ರತಿಫಲನ ಅಜ್ಜಿಯ ಗಲ್ಲದ ಕೆಳಗೂ ಮುಂಗೈಗೂ ಬೀಳುತ್ತದೆ. ಜಮಖಾನೆಯ ಬಣ್ಣ ಧೋತರದ ಕೆಳಅಂಚನ್ನು ಬೆಚ್ಚಗಾಗಿಸುತ್ತದೆ. ಹತ್ತು ಪ್ರತಿಶತದಷ್ಟು ಗಾಢತೆಯಲ್ಲಿ ಈ ಛಾಯೆಗಳನ್ನು ಸೇರಿಸಿದರೆ ಐದೂ ಜನ ಒಂದೇ ಕೋಣೆಯಲ್ಲಿ ಕೂತಂತಾಗುತ್ತದೆ. ಆ ಕಾಲದ ಹಲವು ಸ್ಟುಡಿಯೋಗಳಲ್ಲಿ ಗಾಜಿನ ಮಾಡಿನಿಂದಲೋ ದೊಡ್ಡ ಕಿಟಕಿಯಿಂದಲೋ ಹಗಲು ಬೆಳಕು ಬರುತ್ತಿತ್ತು. ಆದ್ದರಿಂದ ಮುಖದ ಹೊಳಪಿಗೆ ಸಂಜೆ ದೀಪದ ಹೊಂಬಣ್ಣ ಕೊಡದೆ ತಂಪಾಗಿ ಬಿಡುವುದು ಸರಿ.

ಬಣ್ಣ ತುಂಬಿಸಿಕೊಳ್ಳುವ ಕುಟುಂಬದವರು ಅಜ್ಜಿಯನ್ನು ಸ್ವಲ್ಪ ಬೆಳ್ಳಗೆ ಮಾಡಿಕೊಡಿ ಎಂದು ಕೇಳುವುದುಂಟು. ಇದಕ್ಕೆ ಒಪ್ಪಬಾರದು. ರಿಟಚ್ ಪೆನ್ಸಿಲ್ಲು ಒಮ್ಮೆ ಮಾಡಿದ ಅನ್ಯಾಯವನ್ನು ಕಂಪ್ಯೂಟರು ಮತ್ತೊಮ್ಮೆ ಮಾಡಬೇಕಿಲ್ಲ. ಆಕೆಯ ಮಗಳೋ ಮೊಮ್ಮಗಳೋ ಇದ್ದರೆ ಕಿಟಕಿಯ ಬಳಿ ಕೂರಿಸಿ ಅವರ ಮುಂಗೈಯ ಒಂದು ಫೋಟೋ ತೆಗೆದುಕೊಂಡರೆ, ಮನೆತನದ ಮೈಬಣ್ಣಕ್ಕೆ ಅದಕ್ಕಿಂತ ಹತ್ತಿರದ ಆಧಾರ ಬೇರೆ ಸಿಗಲಾರದು.

ಮನೆಯ ಹಳೆಯ ಚಿತ್ರಕ್ಕೆ ಬಣ್ಣ ತುಂಬಿಸಬೇಕೆಂದಿರುವವರು ಈ ಕೆಲಸವನ್ನು ಹಿರಿಯರು ಇರುವಾಗಲೇ ಮಾಡಿಸಿಕೊಳ್ಳಿ. ಸೀರೆಯ ಬಣ್ಣ, ಪರಕಾರದ ಬಣ್ಣ, ಕೋಟಿನ ಬಣ್ಣ ಒಂದೊಂದನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಮುದ್ರಿಸಿದ ಚಿತ್ರದ ಹಿಂದೆ ಯಾವುದು ಕೇಳಿ ತಿಳಿದದ್ದು, ಯಾವುದು ಬಟ್ಟೆಯಿಂದ ಕಂಡದ್ದು, ಯಾವುದು ಊಹೆ ಎಂದು ಮೂರು ಸಾಲು ಬರೆಯಿರಿ. ಕಪ್ಪುಬಿಳುಪಿನ ಮೂಲವನ್ನು ಅದರ ಜೊತೆಗೇ ಇಡಿ.